ಎರಡು ವರ್ಷ, ಮೂರು ಗಾರ್ಡ್, ಎರಡು ಕವರ್

ನನ್ನ ಫೋನಿಗೆ ಎರಡು ವರ್ಷ ತುಂಬಿತು. ಇಷ್ಟರಲ್ಲಿ ಮೂರು ಸ್ಕ್ರೀನ್ ಗಾರ್ಡ್, ಎರಡು ಬ್ಯಾಕ್ ಕವರ್ ಕಂಡಿದೆ. ಮೂಲ ಪರದೆಗೆ ಗೀರು ಬಿದ್ದಿಲ್ಲ. ಆದರೆ ಮೊದಲ ಗಾರ್ಡನ್ನು ಹಾಳು ಮಾಡಿದ್ದು ನೆಲವಲ್ಲ, ಕವರ್.

ಅದು ಪರದೆಯನ್ನು ಅಂಚಿನಿಂದ ಅಂಚಿಗೆ ಮುಚ್ಚುವ 0.33 ಮಿ.ಮೀ. ದಪ್ಪದ ಟೆಂಪರ್ಡ್ ಗ್ಲಾಸ್. ವಾರದೊಳಗೆ ಎಡಬದಿಯ ಮೇಲ್ಮೂಲೆಯಲ್ಲಿ ಉಗುರಗಲದ ಗಾಳಿಗುಳ್ಳೆ ಎದ್ದಿತು. ಒತ್ತಿದರೆ ಮಾಯ, ಮರುದಿನ ಮತ್ತೆ ಹಾಜರು. ದೂಳು ಸಿಕ್ಕಿರಬೇಕೆಂದು ಅಂಟಿಸಿದವನನ್ನು ಬೈದುಕೊಂಡೆ (ಅಂಟಿಸಿದವನು ನಾನೇ). ಆದರೆ ದೂಳಿನ ಗುಳ್ಳೆಯ ನಡುವೆ ಒಂದು ಚುಕ್ಕೆ ಕಾಣುತ್ತದೆ, ಎಷ್ಟು ಒತ್ತಿದರೂ ಕದಲುವುದಿಲ್ಲ. ಇದರಲ್ಲಿ ಚುಕ್ಕೆಯೇ ಇರಲಿಲ್ಲ. ಒಂದು ರಾತ್ರಿ ಕವರ್ ಬಿಚ್ಚಿಟ್ಟೆ; ಬೆಳಿಗ್ಗೆ ಗುಳ್ಳೆ ಇಲ್ಲ. ಮತ್ತೆ ತೊಡಿಸಿದೆ, ಮಧ್ಯಾಹ್ನಕ್ಕೆ ಬಂದಿತ್ತು. ಬಿಗಿಯಾದ ಕವರಿನ ಅಂಚು ಒಳಕ್ಕೆ ಬಾಗಿ ಗಾಜನ್ನು ಮೇಲೆತ್ತುತ್ತಿತ್ತು. ಹಾಗೆ ಎದ್ದ ಮೂಲೆಗೆ ಕೆಳಗಿನ ಆಸರೆ ತಪ್ಪುತ್ತದೆ. ಕೊನೆಗೆ ಜೇಬಿನ ಬೀಗದ ಕೈ ತಗುಲಿದ್ದಕ್ಕೇ ಸೀಳಿತು.

ಎರಡನೆಯದು ಮೆತ್ತನೆಯ ಟಿಪಿಯು ಫಿಲ್ಮ್. ಒಡೆಯುವುದಿಲ್ಲ, ಬಾಗಿದ ಅಂಚಿನ ಪರದೆಗೂ ಒಗ್ಗುತ್ತದೆ. ಗೀರು ತಡೆಯುತ್ತದೆಯೇ ಹೊರತು ಏಟನ್ನು ಅಷ್ಟಾಗಿ ತಡೆಯುವುದಿಲ್ಲ. ಬೆರಳು ಜಾರದ ಅದರ ಮೈ ನನಗೆ ಹಿಡಿಸಲಿಲ್ಲ.

ಈಗಿರುವುದು ಸುತ್ತಲೂ ಸುಮಾರು ಒಂದು ಮಿ.ಮೀ. ಒಳಗೇ ನಿಲ್ಲುವ ಗಾಜು. ಅಂಚಿನ ಆ ಬರಿದಾದ ಗೆರೆ ಮೊದಲು ಕಣ್ಣಿಗೆ ಚುಚ್ಚಿತು, ಈಗ ಕಾಣುವುದೇ ಇಲ್ಲ. ಹದಿನಾಲ್ಕು ತಿಂಗಳಾಯಿತು, ಗುಳ್ಳೆ ಎದ್ದಿಲ್ಲ. ಪೊಟ್ಟಣದ ಮೇಲಿನ 9H ನೋಡಿ ಮರುಳಾಗಬೇಡಿ: ಅದು ಪೆನ್ಸಿಲ್ ಗೀಚಿ ಅಳೆಯುವ ಗಡಸುತನ. ಮರಳಿನ ಕಣ ಗಾಜಿಗಿಂತ ಗಟ್ಟಿ. ನನ್ನ ಗಾರ್ಡಿನ ಮೇಲೂ ಎರಡು ಗೀರು ಎಳೆದಿದೆ.

ಕವರ್ ಕೊಳ್ಳುವಾಗ ಪರದೆಯ ಸುತ್ತಲಿನ ಏಣು ಎಷ್ಟು ಎತ್ತರವಿದೆ ಎಂದು ನೋಡಿ, ಅದೂ ಗಾರ್ಡ್ ಅಂಟಿಸಿದ ಮೇಲೆ. ಗಾಜು, ಅಂಟು ಸೇರಿ ಆ ಎತ್ತರದಲ್ಲಿ ಸ್ವಲ್ಪವನ್ನು ನುಂಗುತ್ತವೆ. ನಾನು ಪರದೆಯ ಮೇಲೆ ಎಟಿಎಂ ಕಾರ್ಡ್ ಮಲಗಿಸಿ, ಏಣಿನಿಂದ ಕಾರ್ಡಿನತ್ತ ಬೆರಳಾಡಿಸುತ್ತೇನೆ. ಕಾರ್ಡಿನ ದಪ್ಪ 0.76 ಮಿ.ಮೀ. ಬೆರಳು ಕಾರ್ಡಿನ ಅಂಚಿಗೆ ಎಡವಿದರೆ ಏಣು ಅದಕ್ಕಿಂತ ತಗ್ಗು ಎಂದರ್ಥ. ಹಳೆಯ ಕವರಿನಲ್ಲಿ ಎಡವಿತು, ಈಗಿನದರಲ್ಲಿ ಇಲ್ಲ. ಇದರ ಬೆನ್ನು ಗಟ್ಟಿ ಪಾಲಿಕಾರ್ಬೊನೇಟ್, ಅಂಚು ಮೆತ್ತನೆಯ ಟಿಪಿಯು. ಮೇಜಿನಿಂದ ಎರಡು ಬಾರಿ ಮೂಲೆಯ ಮೇಲೆ ಬಿದ್ದಾಗ ಅಂಚೇ ಏಟು ತಿಂದಿತು. ಕಲ್ಲಿನ ಮೊನೆಯ ಮೇಲೆ ಕವುಚಿ ಬಿದ್ದರೆ ಯಾವ ಏಣೂ ಕಾಯಲಾರದು.

ದೂರೊಂದಿದೆ. ಗಟ್ಟಿ ಬೆನ್ನಿನ ಒಳಗೆ ಸೇರುವ ದೂಳು ಅಲ್ಲೇ ಉಜ್ಜುತ್ತದೆ. ಕ್ಯಾಮೆರಾದ ಸುತ್ತ ಬಿದ್ದ ಮಂದ ಬಳೆಯಂಥ ಗುರುತು ಒಂದು ವರ್ಷದ ನಂತರ ಕಣ್ಣಿಗೆ ಬಿತ್ತು. ಈಗ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಒರೆಸುತ್ತೇನೆ.