ಸರ್ವೆ ನಂಬರನ್ನೇ ರಾಸ್ಟರ್‌ಗೆ ತುಂಬಿ ನಾನು ಪಟ್ಟ ಪಾಡು

ಒಂದು ಜಲಾನಯನ ಕೆಲಸಕ್ಕೆ ಹಿಸ್ಸಾವಾರು ಬೆಳೆ ವಿಸ್ತೀರ್ಣದ ಪಟ್ಟಿ ಬೇಕಿತ್ತು. ಜಮೀನುಗಳ ಪಾಲಿಗನ್‌ಗಳನ್ನು ರಾಸ್ಟರ್ ಮಾಡಿ, ಬೆಳೆ ನಕ್ಷೆಯ ಜೊತೆ ಹೊಂದಿಸಿ ಎಣಿಸಿದರಾಯಿತು ಅಂದುಕೊಂಡೆ. ಎತ್ತರದ ನಕ್ಷೆ 30 ಮೀಟರ್‌ನದಿತ್ತು, ಇದೂ ಅದೇ ಇರಲಿ ಅಂತ `gdal_rasterize`ಗೆ `-tr 30 30` ಕೊಟ್ಟೆ. ತುಂಬುವ ಮೌಲ್ಯಕ್ಕೆ ಸರ್ವೆ ನಂಬರಿನ ಕಾಲಂ. ಒಂದೂ ಎರರ್ ಬರಲಿಲ್ಲ, ಅದೇ ನೋಡಿ ಮೋಸ.

ಪಟ್ಟಿ ಓದಿದ ದಿನ ಹಿರಿಯರೊಬ್ಬರು, "ನಲವತ್ತೈದರ ಮೂರು ಎಲ್ಲೈತೆ ಸಾರ್? ನಮ್ ಹೊಲನೇ ಇಲ್ವಲ್ಲ" ಅಂದರು. ಅವರದಷ್ಟೇ ಅಲ್ಲ, 45ರ ಯಾವ ಹಿಸ್ಸಾವೂ ಇರಲಿಲ್ಲ. ಬರೀ 45 ಅಂತ ಒಂದೇ ದೊಡ್ಡ ತುಂಡು ಕೂತಿತ್ತು.

ರಾಸ್ಟರ್ ಚೌಕದಲ್ಲಿ ನಿಲ್ಲುವುದು ಸಂಖ್ಯೆ ಮಾತ್ರ. "45/3" ಅನ್ನುವುದು ಅಕ್ಷರಗಳ ಸಾಲು. `gdal_rasterize` ಅದನ್ನು ಸಂಖ್ಯೆಯಾಗಿ ಓದಲು ಹೋಗಿ ಓರೆಗೆರೆ ಸಿಕ್ಕಲ್ಲೇ ನಿಂತುಬಿಡುತ್ತದೆ. 45/1, 45/2, 45/3 ಎಲ್ಲವೂ 45. ಹಾಗಾಗಿ `pid` ಅಂತ ಪೂರ್ಣಾಂಕದ ಕಾಲಂ ಮಾಡಿ 1ರಿಂದ ನಂಬರ್ ಕೊಟ್ಟೆ (0 ಖಾಲಿ ಜಾಗಕ್ಕೆ ಮೀಸಲು). ಸರ್ವೆ ನಂಬರ್, ಹಿಸ್ಸಾ ಬೇರೆ ಟೇಬಲ್‌ನಲ್ಲಿ ಉಳಿದವು, ಆಮೇಲೆ `pid` ಹಿಡಿದು ಜೋಡಿಸಿದರೆ ಸಾಕು.

ಮತ್ತೆ ಓಡಿಸಿದೆ. ಅಕ್ಕಪಕ್ಕದ ಹಿಸ್ಸಾಗಳು ಬಂದವು, ಯಜಮಾನರ ಹೊಲ ಮಾತ್ರ ಇಲ್ಲ!

ಅದು ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ಪಟ್ಟಿ: 12 ಮೀಟರ್ ಅಗಲ, 50 ಮೀಟರ್ ಉದ್ದ, ಹೆಚ್ಚುಕಡಿಮೆ 6 ಗುಂಟೆ. 30 ಮೀಟರಿನ ಒಂದು ಚೌಕವೇ ಸುಮಾರು 9 ಗುಂಟೆ. ಚೌಕದ ನಡುಬಿಂದು ಯಾವ ಪಾಲಿಗನ್‌ನೊಳಗೆ ಬೀಳುತ್ತದೋ ಅದಕ್ಕೆ ಆ ಚೌಕ ಅನ್ನುವುದು ಇಲ್ಲಿನ ಲೆಕ್ಕ. ನಡುಬಿಂದುಗಳ ಸಾಲು 30 ಮೀಟರಿಗೊಂದು. ಅವುಗಳ ಮಧ್ಯೆ ಈ ಪಟ್ಟಿ ಆರಾಮಾಗಿ ನುಸುಳಿಕೊಂಡಿತ್ತು.

ತಾಗಿದ ಚೌಕವನ್ನೆಲ್ಲ ತುಂಬುವ `-at` ಹಾಕಿ ನೋಡಿದೆ. ರೋಗಕ್ಕಿಂತ ಮದ್ದೇ ಕೆಟ್ಟದಾಯಿತು. ಎರಡೇ ಚೌಕ ಸಿಕ್ಕರೂ 18 ಗುಂಟೆ, ಅಂದರೆ ಮೂರು ಪಟ್ಟು. ಅದೂ ಖಾತ್ರಿಯಿಲ್ಲ: ಒಂದೇ ಚೌಕಕ್ಕೆ ಇಬ್ಬರು ತಾಗಿದರೆ ಫೈಲಿನಲ್ಲಿ ಕೊನೆಗೆ ಬಂದವರು ಮೊದಲಿನವರನ್ನು ಅಳಿಸುತ್ತಾರೆ.

ಕಡೆಗೆ ಅತಿ ಕಿರಿದಾದ ಪಟ್ಟಿಯ ಅಗಲದಲ್ಲಿ ನಾಲ್ಕು ಚೌಕವಾದರೂ ಹಿಡಿಯಲಿ ಅಂತ 3 ಮೀಟರ್‌ಗೆ ಇಳಿದೆ:

```
gdal_rasterize -a pid -tr 3 3 -tap -a_nodata 0 -ot Int32 parcels.gpkg pid.tif
```

ಲೇಯರ್ ಮೀಟರ್ ಅಳತೆಯ ಪ್ರೊಜೆಕ್ಷನ್‌ನಲ್ಲಿರಲಿ, ನಮ್ಮ ಕಡೆಗೆ EPSG:32643. ಅಕ್ಷಾಂಶ ರೇಖಾಂಶದಲ್ಲಿದ್ದರೆ ಈ 3 ಅನ್ನುವುದು 3 ಡಿಗ್ರಿ ಆಗುತ್ತದೆ. 4 ಕಿ.ಮೀ.ಗೆ 5 ಕಿ.ಮೀ. ಊರಿಗೆ ಸುಮಾರು 22 ಲಕ್ಷ ಚೌಕ, ಕಂಪ್ಯೂಟರಿಗೆ ಅದೇನೂ ಭಾರವಲ್ಲ. ಆದರೆ ಬೆಳೆ ನಕ್ಷೆ 10 ಮೀಟರ್‌ನದೇ ಆಗಿದ್ದರೆ ಬೆಳೆಯ ವಿವರ ಇದರಿಂದ ಸೂಕ್ಷ್ಮವಾಗುವುದಿಲ್ಲ, ಗಡಿ ಮಾತ್ರ ನೆಟ್ಟಗಾಗುತ್ತದೆ.

ಈಗ ವಿಸ್ತೀರ್ಣದ ಪಟ್ಟಿ ಕೊಡುವ ಮುಂಚೆ ರಾಸ್ಟರಿನಲ್ಲಿ ಎಷ್ಟು ಬೇರೆಬೇರೆ `pid` ಇವೆ ಅಂತ ಎಣಿಸಿ ಪಾಲಿಗನ್ ಸಂಖ್ಯೆಗೆ ತಾಳೆ ನೋಡುತ್ತೇನೆ. ಆಮೇಲೆ ಪ್ರತಿ ಹಿಸ್ಸಾದ ಚೌಕಗಳನ್ನು 9ರಿಂದ ಗುಣಿಸಿ ಪಾಲಿಗನ್ ವಿಸ್ತೀರ್ಣದ ಪಕ್ಕ ಇಡುತ್ತೇನೆ. ಯಜಮಾನರ ಹೊಲಕ್ಕೆ 67 ಚೌಕ ಬಂತು, 603 ಚದರ ಮೀಟರ್.