ಶೇ 8.40ರ ಗೃಹಸಾಲ ಶೇ 8.60ರ ಸಾಲಕ್ಕಿಂತ ದುಬಾರಿಯಾದದ್ದು ಹೀಗೆ

ಗೃಹಸಾಲಕ್ಕಾಗಿ ಓಡಾಡುತ್ತಿರುವವರು ಮಂಜೂರಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಇದನ್ನು ಓದಿ. ನನ್ನ ಅಕ್ಕ ಮತ್ತು ಭಾವ 2023ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಫ್ಲ್ಯಾಟ್ ಕೊಂಡರು. 20 ವರ್ಷದ ಅವಧಿಗೆ 40 ಲಕ್ಷ ರೂಪಾಯಿ ಸಾಲ ಬೇಕಿತ್ತು. ಎರಡು ಕಡೆ ಮಂಜೂರಾಯಿತು. ಒಂದು ಬ್ಯಾಂಕ್ ಶೇ 8.60 ಹೇಳಿತು, ಒಂದು ಖಾಸಗಿ ಗೃಹಸಾಲ ಕಂಪನಿ ಶೇ 8.40 ಹೇಳಿತು. ‘ಬ್ಯಾಂಕಿಗಿಂತ ಕಡಿಮೆ ಕೊಡುತ್ತಿದ್ದೇವೆ ಸರ್, ಇನ್ನು ಯೋಚಿಸುವುದೇನಿದೆ?’ ಎಂದು ಕಂಪನಿಯ ಪ್ರತಿನಿಧಿ ಮನೆಗೇ ಬಂದು ಭಾವನಿಗೆ ಹೇಳಿದ. 40 ಲಕ್ಷಕ್ಕೆ ಶೇ 0.20 ಎಂದರೆ ತಿಂಗಳ ಕಂತಿನಲ್ಲಿ ಸುಮಾರು 500 ರೂಪಾಯಿ ಉಳಿತಾಯ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಹೇಳದೆ ಬಿಟ್ಟದ್ದು ಬಹಳವಿತ್ತು.

ಕಳೆದ ವರ್ಷ ಜುಲೈನಲ್ಲಿ, ಅಂದರೆ 2025ರಲ್ಲಿ, ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸೋಣವೆಂದು ಅಕ್ಕ ನನ್ನನ್ನು ಕರೆದಳು. ಕಡತ ಬಿಚ್ಚಿ ಕುಳಿತೆವು. ಮೊದಲು ಕಣ್ಣಿಗೆ ಬಿದ್ದದ್ದು ಬಾಕಿ ಮೊತ್ತ. 20 ಕಂತು ಕಟ್ಟಿಯಾಗಿತ್ತು, ಸುಮಾರು 7.17 ಲಕ್ಷ ರೂಪಾಯಿ ಹೋಗಿತ್ತು. ಆದರೂ ಬಾಕಿ ಅಸಲು 40.16 ಲಕ್ಷ ಎಂದಿತ್ತು. ಪಡೆದದ್ದು 40 ಲಕ್ಷ, ಇಷ್ಟೆಲ್ಲ ಕಟ್ಟಿದ ಮೇಲೂ ಉಳಿದದ್ದು ಅದಕ್ಕಿಂತ ಹೆಚ್ಚು! ಅಕ್ಕ ಎರಡೆರಡು ಬಾರಿ ಓದಿದಳು.

ಗುಟ್ಟು ಇದ್ದದ್ದು ವಿಮೆಯಲ್ಲಿ. ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ವಿಮೆಯ ಒಂದೇ ಕಂತಿನ ಪ್ರೀಮಿಯಂ 1.60 ಲಕ್ಷವನ್ನು ಸಾಲಕ್ಕೇ ಸೇರಿಸಿ, 41.60 ಲಕ್ಷದ ಸಾಲ ಮಾಡಿದ್ದರು. ‘ಇದು ಇಲ್ಲದಿದ್ದರೆ ಕಡತ ಮುಂದೆ ಹೋಗುವುದಿಲ್ಲ’ ಎಂದಿದ್ದರಂತೆ. ಸಾಲ ಕೊಡುವವರಿಂದಲೇ ವಿಮೆ ಕೊಳ್ಳಬೇಕೆಂಬ ಕಾನೂನು ಇಲ್ಲ. ದುಡಿಯುವ ಒಬ್ಬರನ್ನೇ ನಂಬಿದ ಮನೆಗೆ ವಿಮೆ ಬೇಕು, ನಾನೂ ಒಪ್ಪುತ್ತೇನೆ. ಆದರೆ ಅದನ್ನು ಬೇರೆಯಾಗಿ, ವರ್ಷ ವರ್ಷ ಪ್ರೀಮಿಯಂ ಕಟ್ಟುವಂತೆ ಕೊಳ್ಳಬಹುದು. ಸಾಲಕ್ಕೆ ಸೇರಿಸಿದ ಪ್ರೀಮಿಯಂಗೆ 20 ವರ್ಷ ಬಡ್ಡಿಯನ್ನೂ ಕಟ್ಟಬೇಕು.

ಅದರ ಮೇಲೆ ಪ್ರೊಸೆಸಿಂಗ್ ಶುಲ್ಕ. ಕಂಪನಿ ಸಾಲದ ಶೇ 1ರಂತೆ 40,000 ರೂಪಾಯಿ, ಜೊತೆಗೆ ಶೇ 18 ಜಿಎಸ್‌ಟಿ, ಒಟ್ಟು 47,200 ಪಡೆದಿತ್ತು. ಬ್ಯಾಂಕ್ ಕೇಳಿದ್ದು ತೆರಿಗೆ ಸೇರಿ 11,800 ಮಾತ್ರ.

ಈಗ ಎರಡನ್ನೂ ಅಕ್ಕಪಕ್ಕ ಇಡಿ. ಶೇ 8.60ರಲ್ಲಿ ಬ್ಯಾಂಕಿನ 40 ಲಕ್ಷಕ್ಕೆ ತಿಂಗಳ ಕಂತು ಸುಮಾರು 34,970 ರೂಪಾಯಿ. ಶೇ 8.40ರಲ್ಲಿ ಕಂಪನಿಯ 41.60 ಲಕ್ಷಕ್ಕೆ ಸುಮಾರು 35,840. ‘ಕಡಿಮೆ ಬಡ್ಡಿ’ಯ ಸಾಲದ ಕಂತೇ ತಿಂಗಳಿಗೆ 870 ರೂಪಾಯಿ ಜಾಸ್ತಿ. ದರ ಬದಲಾಗದೆ 20 ವರ್ಷ ಹೀಗೇ ನಡೆದರೆ ಬ್ಯಾಂಕಿಗೆ ಕಟ್ಟುವುದು ಸುಮಾರು 83.9 ಲಕ್ಷ, ಕಂಪನಿಗೆ ಸುಮಾರು 86 ಲಕ್ಷ. ಶುಲ್ಕದ ವ್ಯತ್ಯಾಸ ಇದರ ಹೊರಗಿದೆ.

ಇಷ್ಟೇ ಆಗಿದ್ದರೆ ಸಾಲವನ್ನು ಬೇರೆಡೆಗೆ ಸಾಗಿಸಿ ಪಾರಾಗಬಹುದಿತ್ತು. ಆ ದಾರಿಗೂ ಬೇಲಿ ಹಾಕಿದ್ದರು. ಶೇ 8.40 ಎನ್ನುವುದು ಮೊದಲ ಮೂರು ವರ್ಷಕ್ಕೆ ಸ್ಥಿರ ಬಡ್ಡಿ. ಆಮೇಲೆ ಕಂಪನಿಯದೇ ಮೂಲದರಕ್ಕೆ ತಳುಕು ಹಾಕಿದ, ಅದರೊಂದಿಗೆ ಏರಿಳಿಯುವ ಫ್ಲೋಟಿಂಗ್ ಬಡ್ಡಿ. ವ್ಯಕ್ತಿಗಳು ಸ್ವಂತ ಬಳಕೆಗೆ ಪಡೆದ ಫ್ಲೋಟಿಂಗ್ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡಶುಲ್ಕ ವಿಧಿಸುವಂತಿಲ್ಲ. ‘ಗೃಹಸಾಲಕ್ಕೆ ಈಗ ಪ್ರೀಪೇಮೆಂಟ್ ಶುಲ್ಕವೇ ಇಲ್ಲ’ ಎಂಬ ಮಾತು ಹಬ್ಬಿರುವುದು ಇದರಿಂದಲೇ. ಆದರೆ ಸಾಲ ಸ್ಥಿರ ಬಡ್ಡಿಯಲ್ಲಿ ಇರುವಷ್ಟು ಕಾಲ ಆ ರಕ್ಷಣೆ ಸಿಗುವುದಿಲ್ಲ. ಸ್ವಂತ ಹಣ ಕಟ್ಟಿದರೆ ಶುಲ್ಕವಿಲ್ಲ, ಬೇರೆ ಸಂಸ್ಥೆಯ ಸಾಲದಿಂದ ತೀರಿಸಿದರೆ ಬಾಕಿಯ ಶೇ 2 ಎಂದು ಅಕ್ಕನ ಒಪ್ಪಂದದಲ್ಲಿ ಬರೆದಿತ್ತು. 40.16 ಲಕ್ಷಕ್ಕೆ ಶೇ 2, ಮೇಲೆ ಜಿಎಸ್‌ಟಿ: ಸುಮಾರು 95,000 ರೂಪಾಯಿ.

ಅಷ್ಟರಲ್ಲಿ ಹೊರಗೆ ಏನಾಗಿತ್ತು ನೋಡಿ. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಜೂನ್ ಒಳಗೆ, ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು ಶೇ 6.50ರಿಂದ 5.50ಕ್ಕೆ ಇಳಿಸಿತು. ಬ್ಯಾಂಕುಗಳ ರೆಪೊ ಆಧಾರಿತ ಸಾಲದ ದರ ಕನಿಷ್ಠ ಮೂರು ತಿಂಗಳಿಗೊಮ್ಮೆ ಮರುನಿಗದಿಯಾಗಬೇಕು. ಅಂದು ಶೇ 8.60 ಎಂದಿದ್ದ ಬ್ಯಾಂಕ್ ಸಾಲ ಹೀಗೆ ಶೇ 7.60ಕ್ಕೆ ಬರುವ ಲೆಕ್ಕ. ಅಕ್ಕನ ಸಾಲ ಮಾತ್ರ ಶೇ 8.40ರಲ್ಲೇ ನಿಂತಿತ್ತು. ದರ ಏರಿದ್ದರೆ ಸ್ಥಿರ ಬಡ್ಡಿ ಅವರನ್ನು ಕಾಯುತ್ತಿತ್ತು, ನಿಜ. ಆದರೆ ದರ ಇಳಿದಾಗ ಹೊರಬರಲು ಇಷ್ಟು ಬೆಲೆ ತೆರಬೇಕು ಎನ್ನುವುದನ್ನು ಆ ಪ್ರತಿನಿಧಿ ಬಾಯಿಬಿಟ್ಟು ಹೇಳಬೇಕಿತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೆ.

95,000 ಕೊಟ್ಟಾದರೂ ಹೊರಬರಬೇಕೇ ಎಂದು ಲೆಕ್ಕ ಹಾಕಿದೆವು. ಸ್ಥಿರ ಅವಧಿ ಮುಗಿಯಲು 16 ತಿಂಗಳಿತ್ತು. ಶೇ 0.80ರ ವ್ಯತ್ಯಾಸ ಅಷ್ಟು ತಿಂಗಳಲ್ಲಿ ಉಳಿಸುವುದು ಸುಮಾರು 43,000 ರೂಪಾಯಿ. ಹೊಸ ಬ್ಯಾಂಕಿನ ಶುಲ್ಕ, ಹಕ್ಕುಪತ್ರ ಠೇವಣಿಯ ಮುದ್ರಾಂಕ ಶುಲ್ಕ ಬೇರೆ. ಕಾಯುವುದೇ ಮೇಲು ಎಂದು ತೀರ್ಮಾನವಾಯಿತು.

ನಿಮಗೆ ಈಗ ಒಂದು ಅನುಕೂಲವಿದೆ, ಅಕ್ಕನಿಗೆ ಆಗ ಇರಲಿಲ್ಲ. 2024ರ ಅಕ್ಟೋಬರ್ 1ರಿಂದ ಗೃಹಸಾಲ ಕೊಡುವವರೆಲ್ಲ ಸಹಿಗೆ ಮೊದಲೇ ಕೆಎಫ್‌ಎಸ್, ಅಂದರೆ ಸಾಲದ ಮುಖ್ಯಾಂಶಗಳ ಪತ್ರ ಕೊಡಬೇಕು. ಅದರಲ್ಲಿ ಎಪಿಆರ್ ಎಂಬ ದರ ಇರುತ್ತದೆ: ಬಡ್ಡಿಯ ಜೊತೆ ಪ್ರೊಸೆಸಿಂಗ್ ಶುಲ್ಕ, ಅವರ ಮೂಲಕ ವಸೂಲಾಗುವ ವಿಮೆ, ಕಾನೂನು ಶುಲ್ಕ ಎಲ್ಲವನ್ನೂ ಸೇರಿಸಿ ತೆಗೆದ ವಾರ್ಷಿಕ ದರ. ಅಕ್ಕನ ಸಾಲಕ್ಕೆ ಅದೇ ರೀತಿ ಲೆಕ್ಕ ಹಾಕಿದೆ. ಕಂಪನಿಯದು ಸುಮಾರು ಶೇ 9.1, ಬ್ಯಾಂಕಿನದು ಸುಮಾರು ಶೇ 8.64. ಅಗ್ಗ ಯಾವುದು ಎನ್ನುವುದೇ ತಿರುವುಮುರುವಾಯಿತು.

ಎರಡೂ ಕಡೆಯಿಂದ ಒಂದೇ ಮೊತ್ತಕ್ಕೆ, ಒಂದೇ ಅವಧಿಗೆ ಈ ಪತ್ರ ಕೇಳಿ. ಒಬ್ಬರು 20 ವರ್ಷಕ್ಕೆ, ಇನ್ನೊಬ್ಬರು 25 ವರ್ಷಕ್ಕೆ ಕೊಟ್ಟರೆ ಹೋಲಿಕೆಗೆ ಅರ್ಥವಿಲ್ಲ. ಅವಧಿ ಉದ್ದವಾದಷ್ಟು ಕಂತು ಇಳಿಯುತ್ತದೆ, ಒಟ್ಟು ಬಡ್ಡಿ ಏರುತ್ತದೆ. ಪತ್ರದ ಜೊತೆ ಬರುವ ಮರುಪಾವತಿ ಪಟ್ಟಿಯಲ್ಲಿ ಬಡ್ಡಿಯ ಕಲಂ ಕೂಡಿ ನೋಡಿ. ಈ ಪತ್ರದ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಊರ್ಜಿತವಾಗಿರಬೇಕು. ಹಾಗಾಗಿ ‘ಇವತ್ತೇ ಸಹಿ ಹಾಕಿ’ ಎಂಬ ಒತ್ತಾಯಕ್ಕೆ ಮಣಿಯಬೇಕಿಲ್ಲ.

ಎಪಿಆರ್‌ನಲ್ಲಿ ಕಾಣದ್ದು ಅವಧಿಪೂರ್ವ ಶುಲ್ಕ. ಅದು ಅದೇ ಪತ್ರದಲ್ಲಿ, ಮುಂದೆ ಬರಬಹುದಾದ ಶುಲ್ಕಗಳ ಸಾಲಿನಲ್ಲಿ ಇರುತ್ತದೆ. ಸಾಲ ಫ್ಲೋಟಿಂಗ್, ಸ್ಥಿರ ಅಥವಾ ಎರಡರ ಮಿಶ್ರಣವೇ, ಮಿಶ್ರಣವಾದರೆ ಸ್ಥಿರ ಬಡ್ಡಿ ಯಾವ ತಾರೀಖಿನವರೆಗೆ, ಆಮೇಲೆ ಯಾವ ಮೂಲದರದ ಮೇಲೆ ಎಷ್ಟು ಹೆಚ್ಚುವರಿ ಎನ್ನುವುದನ್ನು ಅಲ್ಲೇ ಬೆರಳಿಟ್ಟು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಅಕ್ಕ ಮತ್ತು ಭಾವ ಈಗ ಉಳಿದ ಹಣವನ್ನೆಲ್ಲ ಅಸಲಿಗೆ ಕಟ್ಟುತ್ತಿದ್ದಾರೆ. ಸ್ವಂತ ಹಣವಾದ್ದರಿಂದ ಅದಕ್ಕೆ ಶುಲ್ಕವಿಲ್ಲ. ಪ್ರತಿ ಬಾರಿಯೂ ‘ಕಂತು ಹಾಗೇ ಇರಲಿ, ಅವಧಿ ಇಳಿಸಿ’ ಎಂದು ಬರೆದು ಕೊಡುತ್ತಾರೆ. ಸ್ಥಿರ ಅವಧಿ 2026ರ ನವೆಂಬರ್‌ನಲ್ಲಿ ಮುಗಿಯುತ್ತದೆ. ಮರುದಿನವೇ ವರ್ಗಾವಣೆಗೆ ಅರ್ಜಿ ಕೊಡುವುದೆಂದು ನಿಶ್ಚಯಿಸಿದ್ದಾರೆ.