ಕುಡ್ಲೆಯ ಗುಡ್ಡ, ಶಿರಸಿಯ ತೋಟ, ವಿಪಶ್ಯನದ ಹತ್ತು ದಿನ: ಮೂರು ವಾಸ್ತವ್ಯಗಳ ಹೋಲಿಕೆ

ಕಳೆದ ಎರಡು ವರ್ಷಗಳಲ್ಲಿ ನಾನು ಮೂರು ಬಗೆಯ ಯೋಗ ಮತ್ತು ಧ್ಯಾನದ ವಾಸ್ತವ್ಯಗಳಲ್ಲಿ ಇದ್ದು ಬಂದಿದ್ದೇನೆ. ಮೊದಲನೆಯದು ಗೋಕರ್ಣದ ಕುಡ್ಲೆ ಕಡಲತೀರದ ಮೇಲಿನ ಗುಡ್ಡದಲ್ಲಿ ಏಳು ದಿನಗಳ ಯೋಗ ಶಿಬಿರ. ಎರಡನೆಯದು ಶಿರಸಿಯಿಂದ ಸ್ವಲ್ಪ ದೂರದ ಅಡಿಕೆ ತೋಟದ ಮನೆಯೊಂದರಲ್ಲಿ ಮೂರು ರಾತ್ರಿಗಳ ವಾಸ. ಮೂರನೆಯದು ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲ ಕೇಂದ್ರದಲ್ಲಿ ವಿಪಶ್ಯನ ಎಂಬ ಮೌನ ಧ್ಯಾನದ ಹತ್ತು ದಿನಗಳ ಶಿಬಿರ. ನನ್ನ ಊರು ಶಿರಸಿ, ವಯಸ್ಸು ಐವತ್ತನಾಲ್ಕು. ಆರು ವರ್ಷಗಳಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಮತ್ತು ಎಡ ಮೊಣಕಾಲು ಮಡಚಿ ಬಹಳ ಹೊತ್ತು ಕುಳಿತರೆ ನೋಯುತ್ತದೆ. ಈ ಎರಡು ಸಂಗತಿಗಳನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ: ಮೂರು ಸ್ಥಳಗಳ ನಡುವಿನ ನಿಜವಾದ ವ್ಯತ್ಯಾಸ ನನಗೆ ತಿಳಿದದ್ದು ಕೋಣೆಯಿಂದಾಗಲಿ ಕಡಲಿನ ನೋಟದಿಂದಾಗಲಿ ಅಲ್ಲ, ಈ ಮಾತ್ರೆ ಮತ್ತು ಈ ಮೊಣಕಾಲಿನಿಂದ.

ಗೋಕರ್ಣದ ಶಿಬಿರವನ್ನು ನಾನು ಚಿತ್ರಗಳನ್ನು ನೋಡಿ ಕಾಯ್ದಿರಿಸಿದೆ. ಅದು ತಪ್ಪೆಂದು ಲೆಕ್ಕ ಹಾಕಿದ ಮೇಲೆ ಅರಿವಾಯಿತು. ಜಾಹೀರಾತಿನಲ್ಲಿ ‘ಏಳು ದಿನ, ಹದಿನೆಂಟು ಸಾವಿರ ರೂಪಾಯಿ’ ಎಂದಿತ್ತು. ಏಳು ದಿನವೆಂದರೆ ಆರು ರಾತ್ರಿ. ಮೊದಲ ದಿನ ಮಧ್ಯಾಹ್ನ ಎರಡರ ನಂತರ ಪ್ರವೇಶ, ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕೋಣೆ ಬಿಡಬೇಕು. ಆದ್ದರಿಂದ ಮೊದಲ ದಿನ ಒಂದು ತರಗತಿ, ಕೊನೆಯ ದಿನ ಒಂದು ತರಗತಿ, ನಡುವಿನ ಐದು ದಿನಗಳಲ್ಲಿ ಒಂದು ದಿನ ‘ವಿಶ್ರಾಂತಿ ಮತ್ತು ಸುತ್ತಾಟ’ಕ್ಕೆ ಹೋಯಿತು. ಉಳಿದ ನಾಲ್ಕು ದಿನಗಳಲ್ಲಿ ದಿನಕ್ಕೆರಡರಂತೆ ಎಂಟು. ಒಟ್ಟು ಹತ್ತು ತರಗತಿ, ತಲಾ ಒಂದೂವರೆ ಗಂಟೆಯಂತೆ ಹದಿನೈದು ಗಂಟೆಗಳ ಕಲಿಕೆ. ಹದಿನೆಂಟು ಸಾವಿರವೂ ಇಬ್ಬರು ಹಂಚಿಕೊಳ್ಳುವ ಕೋಣೆಯ ದರವಾಗಿತ್ತು. ಒಬ್ಬಳೇ ಇರಬೇಕೆಂದದ್ದಕ್ಕೆ ರಾತ್ರಿಗೆ ಏಳುನೂರರಂತೆ ನಾಲ್ಕು ಸಾವಿರದ ಇನ್ನೂರು ಸೇರಿತು. ಕುಮಟಾದಿಂದ ಹೋಗಿಬರುವ ಆಟೋ ಮತ್ತು ಸಾಮಾನು ಹೊತ್ತವನಿಗೆ ಕೊಟ್ಟದ್ದು ಎಂಟುನೂರು. ಹೀಗೆ ಇಪ್ಪತ್ತಮೂರು ಸಾವಿರವಾಯಿತು. ಊಟ ವಸತಿ ಸೇರಿದ ಮೊತ್ತವನ್ನು ತರಗತಿಯ ಗಂಟೆಗಳಿಂದ ಭಾಗಿಸುವುದು ಪೂರ್ತಿ ನ್ಯಾಯವಲ್ಲ ನಿಜ. ಆದರೆ ‘ಏಳು ದಿನದ ಶಿಬಿರ’ ಎಂಬ ಮಾತಿನೊಳಗೆ ಹದಿನೈದು ಗಂಟೆ ಮಾತ್ರ ಇದೆಯೆಂದು ಮೊದಲೇ ತಿಳಿದಿದ್ದರೆ ನಾನು ಬೇರೆ ಪ್ರಶ್ನೆ ಕೇಳುತ್ತಿದ್ದೆ.

ಸಾಮಾನು ಹೊತ್ತವನ ವಿಷಯ ಸಣ್ಣದೆನಿಸಬಹುದು. ಕುಡ್ಲೆಯ ದಂಡೆಗೆ ವಾಹನ ಇಳಿಯುವುದಿಲ್ಲ; ಚಿರೇಕಲ್ಲಿನ ಗುಡ್ಡದಿಂದ ಕಾಲುದಾರಿ ಮತ್ತು ಮೆಟ್ಟಿಲುಗಳಲ್ಲಿ ನಡೆಯಬೇಕು. ಮೊಣಕಾಲು ನೋವಿರುವವರಿಗೆ ದಿನಕ್ಕೆ ಎರಡು ಸಲ ಆ ಮೆಟ್ಟಿಲು ಹತ್ತಿಳಿಯುವುದೇ ಪ್ರತ್ಯೇಕ ವ್ಯಾಯಾಮ. ಆದ್ದರಿಂದ ವಾಹನ ಎಲ್ಲಿಯವರೆಗೆ ಬರುತ್ತದೆ, ಕೋಣೆಯಿಂದ ಯೋಗದ ಜಗಲಿಗೆ ಎಷ್ಟು ಮೆಟ್ಟಿಲು ಎಂಬ ಎರಡನ್ನು ಫೋನಿನಲ್ಲೇ ಕೇಳಿಕೊಳ್ಳಬೇಕು. ಡಿಸೆಂಬರ್ ಕೊನೆಯ ವಾರ ಮತ್ತು ಮಹಾಶಿವರಾತ್ರಿಯ ಸುತ್ತಿನ ದಿನಗಳಲ್ಲಿ ಗೋಕರ್ಣದಲ್ಲಿ ಮೌನವನ್ನು ಹುಡುಕುವುದು ವ್ಯರ್ಥ.

ನಾನು ಹೆಚ್ಚು ಹೊತ್ತು ಹೇಳಬೇಕಾದದ್ದು ಎರಡನೆಯ ದಿನ ಬೆಳಿಗ್ಗೆ ನಡೆದದ್ದನ್ನು. ಕಾಯ್ದಿರಿಸುವಾಗ ಆರೋಗ್ಯದ ಅರ್ಜಿಯೊಂದನ್ನು ಭರ್ತಿ ಮಾಡಿಸಿಕೊಂಡಿದ್ದರು. ‘ರಕ್ತದೊತ್ತಡ’ ಎಂಬುದರ ಮುಂದೆ ಗುರುತು ಹಾಕಿ, ಮಾತ್ರೆಯ ಹೆಸರನ್ನೂ ಬರೆದಿದ್ದೆ. ಜಗಲಿಯಲ್ಲಿ ನಾವು ಹದಿನೆಂಟು ಜನರಿದ್ದೆವು, ಶಿಕ್ಷಕರು ಒಬ್ಬರೇ. ಸೂರ್ಯನಮಸ್ಕಾರದ ನಂತರ ಅವರು ಭಸ್ತ್ರಿಕೆಯನ್ನು ವೇಗವಾಗಿ ಮೂರು ಸುತ್ತು ಮಾಡಿಸಿದರು. ರಕ್ತದೊತ್ತಡ ಹೆಚ್ಚಿರುವವರು ಭಸ್ತ್ರಿಕೆ, ಕಪಾಲಭಾತಿಗಳಂತಹ ಬಿರುಸಿನ ಉಸಿರಾಟವನ್ನು ಮಾಡಬಾರದು, ಉಸಿರನ್ನು ಬಹಳ ಹೊತ್ತು ಕಟ್ಟಿ ಹಿಡಿಯಲೂಬಾರದು ಎಂದು ಸಾಮಾನ್ಯವಾಗಿ ಎಚ್ಚರಿಸುತ್ತಾರೆ. ಆದರೆ ಅಲ್ಲಿ ಯಾರೂ ಆ ಮಾತನ್ನು ಆಡಲಿಲ್ಲ. ಎರಡನೆಯ ಸುತ್ತಿನಲ್ಲಿ ನನ್ನ ತಲೆ ಭಾರವಾಗಿ, ಕಣ್ಣ ಮುಂದೆ ಮಂಜು ಕವಿದಂತಾಯಿತು. ಅಲ್ಲೇ ನಿಲ್ಲಿಸಿ ಗೋಡೆಗೆ ಒರಗಿದೆ. ತರಗತಿ ಮುಗಿದ ಮೇಲೆ ಅರ್ಜಿಯ ಬಗ್ಗೆ ಕೇಳಿದಾಗ ಶಿಕ್ಷಕರು ಬಹಳ ಸೌಜನ್ಯದಿಂದಲೇ ಹೇಳಿದರು: “ಅಕ್ಕಾ, ಆ ಕಾಗದಗಳೆಲ್ಲ ಕೆಳಗೆ ಆಫೀಸಿನಲ್ಲಿ ಇರುತ್ತವೆ, ನನ್ನ ಹತ್ತಿರ ಬರುವುದಿಲ್ಲ.” ಆ ಹುಡುಗನ ತಪ್ಪೇನೂ ಇರಲಿಲ್ಲ. ಅರ್ಜಿ ಇದೆಯೇ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ಮೊದಲ ತರಗತಿಗೆ ಮುನ್ನ ಅದನ್ನು ಕಲಿಸುವವರೇ ಓದುತ್ತಾರೆಯೇ ಎಂದು ಕೇಳಬೇಕು. ಅದಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ, ಮೊದಲ ದಿನವೇ ಶಿಕ್ಷಕರನ್ನು ಪಕ್ಕಕ್ಕೆ ಕರೆದು ಬಾಯಲ್ಲೇ ಹೇಳುವುದು ಉತ್ತಮ. ಭಂಗಿಯನ್ನು ತಿದ್ದುವಾಗ ಮೈ ಮುಟ್ಟುವ ಪದ್ಧತಿ ಇದೆಯೇ, ಬೇಡವೆಂದರೆ ಬಿಡುತ್ತಾರೆಯೇ ಎಂಬುದನ್ನೂ, ವಿಶೇಷವಾಗಿ ಹೆಣ್ಣುಮಕ್ಕಳು, ಆಗಲೇ ಕೇಳಿಬಿಡಬಹುದು.

ಶಿಕ್ಷಕರ ಪರಿಚಯದಲ್ಲಿ ‘200 ಗಂಟೆ’, ‘500 ಗಂಟೆ’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಇದು ಬಹುಮಟ್ಟಿಗೆ ಅಮೆರಿಕದ ಯೋಗ ಅಲಯನ್ಸ್ ಎಂಬ ಖಾಸಗಿ ಸಂಸ್ಥೆಯ ನೋಂದಣಿಯ ಲೆಕ್ಕವೇ ಹೊರತು ಸರ್ಕಾರಿ ಪರವಾನಗಿಯಲ್ಲ. 200 ಗಂಟೆಯ ತರಬೇತಿಯನ್ನು ಒಂದು ತಿಂಗಳೊಳಗೆ ಮುಗಿಸಿ ಬರುವವರೂ ಇದ್ದಾರೆ. ನಮ್ಮ ಆಯುಷ್ ಸಚಿವಾಲಯದ ಅಡಿಯಲ್ಲಿ ಯೋಗ ಪ್ರಮಾಣೀಕರಣ ಮಂಡಳಿ ಪರೀಕ್ಷೆ ನಡೆಸಿ ಹಂತ ಹಂತದ ಪ್ರಮಾಣಪತ್ರ ನೀಡುತ್ತದೆ. ಎರಡರಲ್ಲಿ ಯಾವುದಿದ್ದರೂ ನಾನು ಕೇಳುವುದು ಮತ್ತೊಂದು ಮಾತು: ಎಷ್ಟು ವರ್ಷದಿಂದ ಕಲಿಸುತ್ತಿದ್ದೀರಿ, ನಾನು ಬರುವ ವಾರ ನೀವೇ ಇರುತ್ತೀರಾ? ಗೋಕರ್ಣದಲ್ಲಿ ಚಿತ್ರದಲ್ಲಿದ್ದ ಶಿಕ್ಷಕರು ನಾನು ಹೋದ ವಾರ ಬೇರೆಲ್ಲೋ ಇದ್ದರು.

ವಿಪಶ್ಯನ ಶಿಬಿರ ಇದಕ್ಕೆ ಎಲ್ಲ ರೀತಿಯಲ್ಲೂ ಎದುರು ದಿಕ್ಕಿನದು. ಧ್ಯಾನಗುರು ಎಸ್. ಎನ್. ಗೋಯೆಂಕಾ ಅವರ ಪರಂಪರೆಯ ಈ ಶಿಬಿರಗಳಿಗೆ ಶುಲ್ಕವಿಲ್ಲ. ಒಂದು ಶಿಬಿರ ಮುಗಿಸಿದವರಿಂದ ಮಾತ್ರ ದಾನ ಸ್ವೀಕರಿಸುತ್ತಾರೆ. ಅರ್ಜಿಯನ್ನು dhamma.org ಮೂಲಕ ಸಲ್ಲಿಸಬೇಕು, ಅದರಲ್ಲಿ ದೇಹದ ಮತ್ತು ಮನಸ್ಸಿನ ಕಾಯಿಲೆಗಳು, ಔಷಧಗಳು, ಹಿಂದೆ ಮಾಡಿದ ಸಾಧನೆ ಎಲ್ಲವನ್ನೂ ಕೇಳುತ್ತಾರೆ. ನಾನು ಮಾತ್ರೆಯ ಬಗ್ಗೆ ಬರೆದದ್ದಕ್ಕೆ ಮರುಪ್ರಶ್ನೆ ಬಂತು: ಪ್ರಮಾಣವೆಷ್ಟು, ಎಷ್ಟು ದಿನದಿಂದ, ಈಗ ನಿಯಂತ್ರಣದಲ್ಲಿದೆಯೇ? ಗಂಭೀರ ಮಾನಸಿಕ ಕಾಯಿಲೆ ಇರುವವರಿಗೆ ಈ ಶಿಬಿರ ತಕ್ಕುದಲ್ಲವೆಂದು ಅವರೇ ಹೇಳುತ್ತಾರೆ, ಮತ್ತು ಅದನ್ನು ಮುಚ್ಚಿಟ್ಟು ಹೋಗುವುದು ಅಪಾಯಕರ. ಒಂಬತ್ತು ದಿನ ಮಾತಿಲ್ಲದೆ ಕುಳಿತಾಗ ನಿದ್ದೆಗೇಡು, ಆತಂಕ ಹೆಚ್ಚುವ ಸಾಧ್ಯತೆ ನಿಜವಾಗಿಯೂ ಇದೆ.

ಇಲ್ಲಿ ದಿನಚರಿ ಮೊದಲೇ ಅಚ್ಚಾಗಿರುತ್ತದೆ, ಯಾವ ಕೇಂದ್ರಕ್ಕೆ ಹೋದರೂ ಅದೇ. ನಾಲ್ಕಕ್ಕೆ ಗಂಟೆ, ನಾಲ್ಕೂವರೆಗೆ ಧ್ಯಾನ ಆರಂಭ, ಹನ್ನೊಂದಕ್ಕೆ ಊಟ, ರಾತ್ರಿ ಒಂಬತ್ತರ ನಂತರ ಮಲಗುವುದು. ದಿನಕ್ಕೆ ಸುಮಾರು ಹತ್ತು ಗಂಟೆ ಕುಳಿತೇ ಇರಬೇಕು. ಮೊದಲ ಮೂರು ದಿನ ಉಸಿರಿನ ಗಮನ, ನಾಲ್ಕನೆಯ ದಿನದಿಂದ ಮೈಯ ಸಂವೇದನೆಗಳನ್ನು ಗಮನಿಸುವ ವಿಪಶ್ಯನ; ಆ ಮೇಲೆ ದಿನಕ್ಕೆ ಮೂರು ಸಲ ಒಂದೊಂದು ಗಂಟೆ ಕೈ, ಕಾಲು, ಕಣ್ಣು ಬಿಚ್ಚದೆ ಕೂರುವ ಅಧಿಷ್ಠಾನ. ಯೋಗಾಸನಕ್ಕೆ ಅವಕಾಶವಿಲ್ಲ, ಓದು ಬರಹವೂ ಇಲ್ಲ, ಫೋನು ಆಫೀಸಿನಲ್ಲಿ. ‘ಯೋಗವೂ ಆಗುತ್ತದೆ, ಧ್ಯಾನವೂ ಆಗುತ್ತದೆ’ ಎಂದು ಬರುವವರಿಗೆ ಇದು ಸ್ಥಳವಲ್ಲ. ಮೊಣಕಾಲಿನ ಬಗ್ಗೆ ಅರ್ಜಿಯಲ್ಲೇ ತಿಳಿಸಿದ್ದರಿಂದ ನನಗೆ ಕುರ್ಚಿ ಸಿಕ್ಕಿತು. ಅಲ್ಲದೆ, ಹೋಗುವ ಮುನ್ನ ಎರಡು ವಾರ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ಕೂತು ನೋಡಿದ್ದೆ: ಕಂಬಳಿಯನ್ನು ಮಡಚಿ ಅದರ ಮೇಲೆ ಕೂತು ಸೊಂಟ ಮೊಣಕಾಲಿಗಿಂತ ಎತ್ತರಕ್ಕೆ ಬಂದರೆ ನೋವು ಇಪ್ಪತ್ತನೆಯ ನಿಮಿಷದ ಬದಲು ನಲವತ್ತನೆಯದಕ್ಕೆ ಮುಂದೂಡಲ್ಪಡುತ್ತದೆ ಎಂದು ಆಗ ತಿಳಿಯಿತು. ಕುಡ್ಲೆಯಲ್ಲಿ ಸಿಮೆಂಟಿನ ನೆಲದ ಮೇಲೆ ತೆಳ್ಳನೆಯ ಚಾಪೆಯೊಂದೇ ಇತ್ತು.

ರಾತ್ರಿಯ ಊಟ ಇಲ್ಲದಿರುವುದು ಬಹಳ ಜನ ಅಲಕ್ಷಿಸುವ ಅಂಶ. ಹೊಸಬರಿಗೆ ಸಂಜೆ ಐದಕ್ಕೆ ಚಹಾ ಮತ್ತು ಹಣ್ಣು, ಜೊತೆಗೆ ಸ್ವಲ್ಪ ಮಂಡಕ್ಕಿ. ಆ ಮೇಲೆ ಮರುದಿನ ಬೆಳಿಗ್ಗೆ ಆರೂವರೆಯವರೆಗೆ ಏನೂ ಇಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆಯನ್ನು ಇಳಿಸುವ ಮಾತ್ರೆ ತೆಗೆದುಕೊಳ್ಳುವವರು, ಮಾತ್ರೆಯನ್ನು ‘ರಾತ್ರಿ ಊಟದ ನಂತರ’ ಎಂದು ಬರೆಸಿಕೊಂಡವರು, ಈ ವೇಳಾಪಟ್ಟಿಯನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು. ನಾನು ನಮ್ಮ ಡಾಕ್ಟರರಿಗೆ ತೋರಿಸಿದಾಗ ಅವರು ರಾತ್ರಿಯ ಮಾತ್ರೆಯನ್ನು ಬೆಳಗಿಗೆ ಬದಲಿಸಿ, ಹೊರಡುವ ಮೂರು ವಾರ ಮೊದಲೇ ಅದನ್ನು ರೂಢಿಸಿಕೊಳ್ಳಲು ಹೇಳಿದರು.

ಶಿರಸಿಯ ತೋಟದ ಮನೆಯ ಬಗ್ಗೆ ಹೇಳಲು ಹೆಚ್ಚಿಲ್ಲ, ಏಕೆಂದರೆ ಅದು ಶಿಬಿರವೆಂಬ ಹೆಸರಿಗೆ ಅಷ್ಟು ಸಲ್ಲುವುದಿಲ್ಲ. ರಾತ್ರಿಗೆ ಸಾವಿರದ ಎಂಟುನೂರರಂತೆ ಮೂರು ರಾತ್ರಿಗೆ ಐದು ಸಾವಿರದ ನಾಲ್ಕುನೂರು, ಊಟವೂ ಸೇರಿ; ಹಂಡೆಯ ಬಿಸಿನೀರು, ಮಧ್ಯಾಹ್ನ ಒಂದೆಲಗದ ತಂಬುಳಿ, ನಾಲ್ಕೇ ಜನ ಅತಿಥಿಗಳು. ಶಿಕ್ಷಕಿ ಪೇಟೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಮೊದಲ ದಿನವೇ ನಾಲ್ವರ ಕಾಯಿಲೆಯನ್ನೂ ಒಬ್ಬೊಬ್ಬರಾಗಿ ಕೇಳಿ, ನನಗೆ ಭಸ್ತ್ರಿಕೆಯ ಬದಲು ನಿಧಾನವಾದ ನಾಡಿಶೋಧನವನ್ನು ಉಸಿರು ಕಟ್ಟದೆ ಮಾಡಿಸಿದರು. ಆದರೆ ನಾನು ಹೋದದ್ದು ಜುಲೈಯಲ್ಲಿ. ಎರಡನೆಯ ದಿನ ಮಳೆ ಬಿರುಸಾಗಿ ಅವರು ಬರಲಾಗಲಿಲ್ಲ, ಮೂರು ತರಗತಿಗಳಲ್ಲಿ ಒಂದು ಹೀಗೆ ಹೋಯಿತು. ಹಾಸಿಗೆ ತಣ್ಣಗೆ ತೇವವಾಗಿತ್ತು, ಅಂಗಳಕ್ಕೆ ಇಳಿದರೆ ಉಂಬಳ. ಮಳೆಗಾಲಕ್ಕೆ ಕಾಯ್ದಿರಿಸುವವರು ಶಿಕ್ಷಕರು ಅಲ್ಲೇ ಉಳಿಯುತ್ತಾರೆಯೇ, ತರಗತಿ ತಪ್ಪಿದರೆ ಏನು ವ್ಯವಸ್ಥೆ ಎಂದು ಕೇಳಬೇಕು. ಕರಾವಳಿಗೆ ಹೋಗುವವರು ಅದೇ ತಿಂಗಳುಗಳಲ್ಲಿ ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟದ ದಾರಿ ತೆರೆದಿದೆಯೇ ಎಂಬುದನ್ನೂ ವಿಚಾರಿಸಬೇಕು, ಕುಡ್ಲೆಯ ದಂಡೆಯ ಗುಡಿಸಲುಗಳೂ ಆಗ ಬಹುಪಾಲು ಮುಚ್ಚಿರುತ್ತವೆ.

ಹಣ ಹಿಂತಿರುಗಿಸುವ ನಿಯಮದಲ್ಲಿ ಮೂರೂ ಬೇರೆ ಬೇರೆ. ತೋಟದ ಮನೆಯವರು ಮುಂಗಡವನ್ನೇ ಕೇಳಲಿಲ್ಲ. ಗೋಕರ್ಣದಲ್ಲಿ ಅರ್ಧ ಹಣ ಮುಂಗಡ, ಶಿಬಿರ ಶುರುವಾಗುವ ಹಿಂದಿನ ಹದಿನೈದು ದಿನಗಳೊಳಗೆ ರದ್ದುಮಾಡಿದರೆ ಏನೂ ಬರುವುದಿಲ್ಲವೆಂದು ಪಾವತಿಯ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಮಧ್ಯದಲ್ಲಿ ಬಿಟ್ಟು ಹೊರಟರೂ ಅದೇ. ವಿಪಶ್ಯನದಲ್ಲಿ ಹಣವಿಲ್ಲದ ಕಾರಣ ಆ ಪ್ರಶ್ನೆಯಿಲ್ಲ, ಆದರೆ ಹತ್ತು ದಿನ ಪೂರ್ತಿ ಇರುವುದಾಗಿ ಮೊದಲೇ ಒಪ್ಪಿಕೊಂಡಿರಬೇಕು. ಮನೆಯಲ್ಲಿ ವಯಸ್ಸಾದ ಅತ್ತೆ ಇರುವ ನಾನು ಕೇಂದ್ರದ ಆಫೀಸಿನ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು, ತುರ್ತಾದರೆ ಮಾತ್ರ ಕರೆಮಾಡಲು ಹೇಳಿ ಹೊರಟಿದ್ದೆ.

ಮೈ ಹಗುರವಾಗಿ ಮೂರು ದಿನ ಇದ್ದು ಬರಬೇಕೆಂದರೆ ನಾನು ಮತ್ತೆ ತೋಟದ ಮನೆಗೇ ಹೋಗುತ್ತೇನೆ, ಆದರೆ ನವೆಂಬರಿನಲ್ಲಿ. ಧ್ಯಾನವನ್ನು ಗಂಭೀರವಾಗಿ ಕಲಿಯಬೇಕೆಂದರೆ ವಿಪಶ್ಯನ. ಕುಡ್ಲೆಯ ಗುಡ್ಡಕ್ಕೆ ಮತ್ತೆ ಹೋಗುವುದಿದ್ದರೆ ಈ ಸಲ ಹಣ ಕಟ್ಟುವ ಮೊದಲು ಶಿಕ್ಷಕರೊಡನೆಯೇ ಹತ್ತು ನಿಮಿಷ ಫೋನಿನಲ್ಲಿ ಮಾತಾಡುತ್ತೇನೆ, ಮತ್ತು ಮೊದಲ ದಿನದಿಂದ ಕೊನೆಯ ದಿನದವರೆಗಿನ ವೇಳಾಪಟ್ಟಿಯನ್ನು ಗಂಟೆಗಳ ಸಮೇತ ವಾಟ್ಸಾಪಿನಲ್ಲಿ ಕಳುಹಿಸಿ ಎನ್ನುತ್ತೇನೆ.